ನಮ್ಮನೆ ನಿದ್ದೆಬುರುಕಿಗೆ ಹುಟ್ಟುಹಬ್ಬದ ಶುಭಾಶಯ

ಹ್ಯಾಪಿ ಬರ್ತ್‌ಡೇ ಕಣೇ ಪುಟ್ಟಿ! ರಾತ್ರಿ 12ಕ್ಕೆ ಸರಿಯಾಗಿ ಕಳಿಸುತ್ತಿದ್ದೇನೆ. ನೀನು ನೋಡುವುದು ಮಧ್ಯಾಹ್ನವೇ ಅಂತ ಗೊತ್ತು. ಆದರೂ ಮೊದಲ ವಿಶ್ ನನ್ನದೇ ಇರಬೇಕು.

ನಿನ್ನ ಫೋನಿನಲ್ಲಿ ಐದು ಅಲಾರಂ ಇವೆ. ಅವು ಹೊಡೆದಾಗ ಮನೆಯವರೆಲ್ಲ ಏಳುತ್ತೇವೆ, ನಿನ್ನೊಬ್ಬಳನ್ನು ಬಿಟ್ಟು. ಅಮ್ಮ ಫ್ಯಾನ್ ಆರಿಸಿದರೆ ಮಗ್ಗಲು ಬದಲಿಸುತ್ತೀಯ. ಪರದೆ ಸರಿಸಿದರೆ ದಿಂಬಿನ ಕೆಳಗೆ ತಲೆ ತೂರಿಸುತ್ತೀಯ. ‘ಐದೇ ನಿಮಿಷ’ ಅಂದರೆ ಇನ್ನೊಂದು ಗಂಟೆ ಗ್ಯಾರಂಟಿ. ಕುಂಭಕರ್ಣನಾದರೂ ಆನೆ ತುಳಿಸಿದ ಮೇಲೆ ಎದ್ದನಂತೆ, ನಿನಗೆ ಅದೂ ಸಾಲದು!

ಆದರೆ ನೀನು ಎದ್ದ ಮೇಲೇ ಈ ಮನೆಯಲ್ಲಿ ನಗು, ಗಲಾಟೆ ಎಲ್ಲ ಶುರುವಾಗುವುದು. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಎಚ್ಚರವಾಗಿ ಪಕ್ಕದಲ್ಲೇ ಕೂತಿದ್ದವಳೂ ನೀನೇ ಅಲ್ವಾ? ನಿನಗೆ ನಿದ್ದೆಗಿಂತ ನಾನು ಜಾಸ್ತಿ ಅಂತ ಅವತ್ತೇ ಗೊತ್ತಾಯ್ತು. ನೀನು ನನ್ನ ಜೀವ ಕಣೇ.

ಇವತ್ತು ಯಾರೂ ನಿನ್ನನ್ನು ಎಬ್ಬಿಸಬಾರದು ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ಅದು ಮೊದಲ ಗಿಫ್ಟ್. ಎರಡನೆಯದು ನಿನ್ನ ಬೀರುವಿನಲ್ಲಿದೆ, ಹುಡುಕಿಕೋ. ಕೇಕ್ ಕತ್ತರಿಸುವುದು ಸಂಜೆ 6ಕ್ಕೆ. ಅಷ್ಟು ಹೊತ್ತಿಗಾದರೂ ಎದ್ದಿರು ಮಾರಾಯ್ತಿ!

ಪ್ರೀತಿಯಿಂದ,
ನಿನ್ನ ಅಕ್ಕ