ನಿಮ್ಮ ಫೋನಿನ ಎರಡು ವರ್ಷದ ಪ್ಲ್ಯಾನ್: ಏನು ಸಿಗುತ್ತದೆ, ಎಷ್ಟು ಸಲ ಸಿಗುತ್ತದೆ, ನಿಮ್ಮ ಪಾಲು ಎಷ್ಟು

ನೀವು 10 ಮಾರ್ಚ್ 2025ರಂದು ವಿಜಯಪುರದ ಗಾಂಧಿ ಚೌಕದ ಹತ್ತಿರದ ನಮ್ಮ ಅಂಗಡಿಯಲ್ಲಿ ₹22,000ದ ಫೋನ್ ತೆಗೆದುಕೊಂಡಿದ್ದೀರಿ. ಅದರ ಜೊತೆಗೆ ₹1,998 ಕೊಟ್ಟು ಈ ಪ್ಲ್ಯಾನ್ ಮಾಡಿಸಿದ್ದೀರಿ. ಜಿಎಸ್‌ಟಿ ಇದರಲ್ಲೇ ಸೇರಿದೆ. ಫೋನಿನ ಐಎಂಇಐ ನಂಬರು ಬಿಲ್ಲಿನಲ್ಲಿದೆ, ಅದರ ಕೊನೆಯ ನಾಲ್ಕು ಅಂಕಿ 4471. ಪ್ಲ್ಯಾನ್ ಇರುವುದು ಈ ಒಂದು ಫೋನಿಗೆ ಮಾತ್ರ. ಫೋನನ್ನು ಮನೆಯಲ್ಲಿ ಯಾರು ಬಳಸಿದರೂ ನಡೆಯುತ್ತದೆ. ಮಗನ ಕೈಯಿಂದ ಬಿತ್ತು ಅಂತ ಹೇಳಲು ಹಿಂಜರಿಯಬೇಡಿ, ಅದಕ್ಕೆ ಯಾರೂ ಕ್ಲೇಮ್ ತಳ್ಳಿಹಾಕುವುದಿಲ್ಲ.

ಇದು ವಿಮೆ ಪಾಲಿಸಿ ಅಲ್ಲ. ನಿಮ್ಮ ಮತ್ತು ನಮ್ಮ ಅಂಗಡಿಯ ನಡುವಿನ ರಿಪೇರಿ ಒಪ್ಪಂದ. ಒಳಗೆ ಎರಡು ಬೇರೆ ಬೇರೆ ಭಾಗಗಳಿವೆ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಕೌಂಟರಿನಲ್ಲಿ ಜಗಳ ಶುರುವಾಗುವುದೂ ಅಲ್ಲಿಂದಲೇ.

ಮೊದಲ ಭಾಗ: ಎಕ್ಸ್‌ಟೆಂಡೆಡ್ ವಾರಂಟಿ

ಕಂಪನಿ ಕೊಡುವ ವಾರಂಟಿ ಒಂದು ವರ್ಷ, ಅಂದರೆ 9 ಮಾರ್ಚ್ 2026ರವರೆಗೆ. ಅಲ್ಲಿಯವರೆಗೆ ಫೋನ್ ತಾನಾಗಿ ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ನಮ್ಮ ಹತ್ತಿರ ತಂದರೂ ನಾವು ಅಲ್ಲಿಗೇ ಕಳಿಸುತ್ತೇವೆ. 10 ಮಾರ್ಚ್ 2026ರಿಂದ 9 ಮಾರ್ಚ್ 2027ರವರೆಗೆ ಅದೇ ಕೆಲಸ ನಮ್ಮದು.

ತಾನಾಗಿ ಕೆಡುವುದು ಅಂದರೆ ಏನು? ಚಾರ್ಜ್ ಏರುವುದು ನಿಂತಿತು, ಮೈಕ್ ಹೋಯಿತು, ಕ್ಯಾಮೆರಾ ಕಪ್ಪಾಯಿತು, ಮದರ್‌ಬೋರ್ಡ್ ಸತ್ತಿತು, ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಡಿಸ್‌ಪ್ಲೇ ಮೇಲೆ ಹಸಿರು ಗೆರೆ ಬಂತು. ಇಂಥವೆಲ್ಲ. ಆದರೆ ಫೋನಿನ ಮೇಲೆ ಬಿದ್ದ ಗುರುತು ಅಥವಾ ಒಳಗೆ ನೀರು ಹೋದ ಗುರುತು ಇರಬಾರದು. ಇದ್ದರೆ ಅದು ಎರಡನೇ ಭಾಗಕ್ಕೆ ಹೋಗುತ್ತದೆ. ಈ ಮೊದಲ ಭಾಗದಲ್ಲಿ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಎಷ್ಟು ಸಲ ಅನ್ನುವ ಲೆಕ್ಕವೂ ಇಲ್ಲ. ಇರುವುದು ಒಂದೇ ಮಿತಿ: ವರ್ಷದಲ್ಲಿ ಈ ಭಾಗದ ಎಲ್ಲ ರಿಪೇರಿಯ ಖರ್ಚು ಸೇರಿ ₹15,400 ದಾಟಬಾರದು.

ಬ್ಯಾಟರಿ ಬಗ್ಗೆ ಮಾತ್ರ ಬಿಚ್ಚಿ ಹೇಳಬೇಕು. ಲಿಥಿಯಂ ಬ್ಯಾಟರಿ ಬಳಸಿದ ಹಾಗೆ ಸವೆಯುತ್ತದೆ, ಚಪ್ಪಲಿ ಇದ್ದ ಹಾಗೆ. ಅದರಲ್ಲೂ ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಮ್ಯಾಪ್ ಹಚ್ಚಿಕೊಂಡು, ಚಾರ್ಜಿಗೂ ಇಟ್ಟು ಓಡಿಸಿದರೆ ಇನ್ನೂ ಬೇಗ ಸವೆಯುತ್ತದೆ. ಮೊದಲಿನಷ್ಟು ಚಾರ್ಜ್ ನಿಲ್ಲುವುದಿಲ್ಲ ಅನ್ನುವುದಕ್ಕೆ ಈ ಪ್ಲ್ಯಾನಿನಲ್ಲಿ ಏನೂ ಸಿಗುವುದಿಲ್ಲ. ಬ್ಯಾಟರಿ ಉಬ್ಬಿದರೆ ಮಾತ್ರ ಒಂದು ಸಲ ಪುಕ್ಕಟೆ ಹಾಕಿಕೊಡುತ್ತೇವೆ. ಹಿಂದಿನ ಕವರ್ ಮೇಲೆದ್ದಂತೆ ಕಂಡರೆ ಒತ್ತಿ ಕೂರಿಸಲು ಹೋಗಬೇಡಿ, ಸ್ವಿಚ್ ಆಫ್ ಮಾಡಿ ಅವತ್ತೇ ತನ್ನಿ.

ಎರಡನೇ ಭಾಗ: ಬಿದ್ದದ್ದು, ಒಡೆದದ್ದು, ತೊಯ್ದದ್ದು

ಇದು ಮೊದಲ ದಿನದಿಂದಲೇ ಶುರು, 9 ಮಾರ್ಚ್ 2027ರವರೆಗೆ ಇರುತ್ತದೆ. ಕಂಪನಿ ವಾರಂಟಿಯಲ್ಲಿ ಇದು ಸಿಗುವುದಿಲ್ಲ. ನಿಮ್ಮ ಫೋನಿನ ಡಬ್ಬಿ ಮೇಲೆ IP68 ಅಂತ ಬರೆದಿದೆಯಲ್ಲ, ಅದನ್ನು ನೋಡಿ ಮೋಸ ಹೋಗಬೇಡಿ. ಆ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ಒಂದೆರಡು ಸಲ ಬಿದ್ದ ಫೋನಿನ ಅಂಟು ಸಡಿಲವಾಗಿರುತ್ತದೆ. ನೀರು ಒಳಗೆ ಹೋದರೆ IP68 ಬರೆದ ಕಂಪನಿಯೇ ವಾರಂಟಿ ಇಲ್ಲ ಅನ್ನುತ್ತದೆ.

ನಮ್ಮಲ್ಲಿ ಸಿಗುವುದು ಇಷ್ಟು: ಡಿಸ್‌ಪ್ಲೇ ಒಡೆದದ್ದು, ಟಚ್ ಸತ್ತದ್ದು, ಹಿಂದಿನ ಗ್ಲಾಸ್, ಕ್ಯಾಮೆರಾ ಗ್ಲಾಸ್, ಬಾಡಿ ಬಾಗಿ ಬಟನ್ ಕೆಲಸ ಮಾಡದೇ ಇರುವುದು, ಚಾರ್ಜಿಂಗ್ ಪೋರ್ಟ್ ಮುರಿದದ್ದು. ಜೊತೆಗೆ ನೀರು, ಚಹಾ, ಸಾರು, ಯಾವುದೇ ದ್ರವ ಒಳಗೆ ಹೋಗಿ ಆದ ಹಾನಿ.

ಯಾವುದೇ ದ್ರವ ಅಂತ ಬೇಕಂತಲೇ ಬರೆದಿದ್ದೇವೆ. ಹಿಂದೊಮ್ಮೆ ತಿಕೋಟಾ ಕಡೆಯ ಒಬ್ಬರು ದ್ರಾಕ್ಷಿ ಶೆಡ್ಡಿನಲ್ಲಿ ಬಗ್ಗಿದಾಗ ಅಂಗಿಯ ಜೇಬಿನಿಂದ ಫೋನ್ ಜಾರಿ ಡಿಪ್ಪಿಂಗ್ ಟಾಕಿಗೆ ಬಿತ್ತು. ಒಣದ್ರಾಕ್ಷಿ ಮಾಡುವ ಮುಂಚೆ ಗೊನೆ ಅದ್ದುವ ನೀರದು, ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಇರುತ್ತದೆ. ಅವರು ಒರೆಸಿ ಎರಡು ದಿನ ಅಕ್ಕಿ ಚೀಲದಲ್ಲಿ ಹುಗಿದಿಟ್ಟರು. ಆಮೇಲೆ ಚಾರ್ಜಿಗೆ ಹಾಕಿದರು. ನಮ್ಮ ಟೇಬಲ್ಲಿಗೆ ಬಂದಾಗ ಪೋರ್ಟಿನಲ್ಲಿ ಬಿಳಿ ಹುಡಿ ಕೂತಿತ್ತು, ಎರಡು ಪಿನ್ ಸುಟ್ಟು ಹೋಗಿದ್ದವು. ಕ್ಲೇಮ್ ಪಾಸಾಯಿತು. ಆದರೆ ತೊಳೆದು ಕ್ಲೀನ್ ಮಾಡಿದರೆ ಮುಗಿಯುತ್ತಿದ್ದ ಕೆಲಸ ಬೋರ್ಡ್ ಬದಲಿಸುವ ಮಟ್ಟಕ್ಕೆ ಹೋಯಿತು, ಅವರ ಪಾಲೂ ಏರಿತು. ಅಕ್ಕಿಯಿಂದ ಏನೂ ಆಗುವುದಿಲ್ಲ. ಫೋನ್ ತೊಯ್ದರೆ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಬಸ್ ಹತ್ತಿ.

ಸಿಗದೇ ಇರುವುದು

ಕಳವು ಮತ್ತು ಕಳೆದುಕೊಂಡದ್ದು ಇಲ್ಲವೇ ಇಲ್ಲ. ಫೋನ್ ಹೋದರೆ ಪೊಲೀಸರಿಗೆ ದೂರು ಕೊಟ್ಟು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ಬ್ಲಾಕ್ ಮಾಡಿಸಿ. ಅರ್ಜಿ ತುಂಬಲು ಬಂದರೆ ನಾವು ಸುಮ್ನೆ ಸಹಾಯ ಮಾಡುತ್ತೇವೆ, ದುಡ್ಡು ಮಾತ್ರ ಬರುವುದಿಲ್ಲ.

ಗೀರು, ಬಣ್ಣ ಹೋದದ್ದು, ಕೆಲಸಕ್ಕೆ ಅಡ್ಡಿಯಾಗದ ಸಣ್ಣ ತಗ್ಗು, ಸ್ಕ್ರೀನ್ ಗಾರ್ಡ್, ಕವರ್, ಚಾರ್ಜರ್, ಇಯರ್‌ಫೋನ್ ಇವು ಸೇರಿಲ್ಲ. ಫೋನಿನೊಳಗಿನ ಫೋಟೊ, ನಂಬರುಗಳಿಗೂ ನಾವು ಜವಾಬ್ದಾರರಲ್ಲ, ಬ್ಯಾಕಪ್ ಇಟ್ಟುಕೊಳ್ಳಿ. ಬೂಟ್‌ಲೋಡರ್ ಬಿಚ್ಚಿ ರೂಟ್ ಮಾಡಿದ ಫೋನಿಗೆ ಪ್ಲ್ಯಾನ್ ಇಲ್ಲ.

ನಾವು ಎಲ್ಲಕ್ಕಿಂತ ಜಾಸ್ತಿ ಕ್ಲೇಮ್ ತಳ್ಳಿಹಾಕುವುದು ಒಂದೇ ಕಾರಣಕ್ಕೆ: ಬೇರೆ ಕಡೆ ಫೋನ್ ಬಿಚ್ಚಿಸಿರುತ್ತಾರೆ. ಅರ್ಜೆಂಟ್ ಇತ್ತು ಅಂತ ಎಲ್ಲೋ ಸಾವಿರದೈನೂರಕ್ಕೆ ಡೂಪ್ಲಿಕೇಟ್ ಕಾಂಬೊ ಹಾಕಿಸಿ, ಟಚ್ ತಾನೇ ಕುಣಿಯಲು ಶುರುವಾದ ಮೇಲೆ ನಮ್ಮ ಹತ್ತಿರ ಬರುತ್ತಾರೆ. "ಬರೇ ಡಿಸ್‌ಪ್ಲೇ ಚೇಂಜ್ ಮಾಡಿಸೇನಿ ರೀ, ಬ್ಯಾರೆ ಏನೂ ಮುಟ್ಟಿಲ್ಲ" ಅನ್ನುತ್ತಾರೆ. ಬಿಚ್ಚಿದ ಸ್ಕ್ರೂ ತಲೆಯೇ ನಮಗೆ ಹೇಳಿಬಿಡುತ್ತದೆ. ಕಂಪನಿಯ ಸರ್ವಿಸ್ ಸೆಂಟರ್ ಅಥವಾ ನಾವು, ಈ ಇಬ್ಬರನ್ನು ಬಿಟ್ಟು ಯಾರು ಬಿಚ್ಚಿದರೂ ಎರಡೂ ಭಾಗ ಅಲ್ಲಿಗೇ ಮುಗಿಯುತ್ತವೆ.

ಎಷ್ಟು ಸಲ

ಎರಡನೇ ಭಾಗದಲ್ಲಿ ವರ್ಷಕ್ಕೆ ಒಂದು ಕ್ಲೇಮ್, ಒಟ್ಟು ಎರಡು. ವರ್ಷ ಅಂದರೆ ಮಾರ್ಚ್ 10ರಿಂದ ಮಾರ್ಚ್ 9. ಮೊದಲ ವರ್ಷದ್ದು ಉಳಿದರೆ ಎರಡನೇ ವರ್ಷಕ್ಕೆ ಕೂಡುವುದಿಲ್ಲ. ಒಂದೇ ಸಲ ಬಿದ್ದು ಮುಂದಿನ ಡಿಸ್‌ಪ್ಲೇ, ಹಿಂದಿನ ಗ್ಲಾಸ್ ಎರಡೂ ಹೋದರೆ ಅದು ಒಂದೇ ಕ್ಲೇಮ್. ಸೋಮವಾರ ಮುಂದಿನದು, ಗುರುವಾರ ಹಿಂದಿನದು ಒಡೆದರೆ ಎರಡು. ಮೊದಲ ವರ್ಷ ನಮ್ಮ ಮಿತಿ ಫೋನಿನ ಪೂರ್ತಿ ಬಿಲ್ ಬೆಲೆ ₹22,000. ಎರಡನೇ ವರ್ಷ ಅದರ ಶೇ. 70, ಅಂದರೆ ₹15,400.

ಡಿಡಕ್ಟಿಬಲ್, ಅಂದರೆ ನಿಮ್ಮ ಪಾಲು

ಎರಡನೇ ಭಾಗದ ಪ್ರತಿ ಕ್ಲೇಮಿನಲ್ಲೂ ನಿಮ್ಮದೊಂದು ಪಾಲು ಇರುತ್ತದೆ. ಬರೀ ಮುಂದಿನ ಡಿಸ್‌ಪ್ಲೇ ಆದರೆ ₹750. ಡಿಸ್‌ಪ್ಲೇ ಜೊತೆ ಬೇರೆ ಏನಾದರೂ ಇದ್ದರೆ, ಅಥವಾ ಡಿಸ್‌ಪ್ಲೇ ಬಿಟ್ಟು ಬೇರೆ ಏನೇ ಆದರೂ, ₹1,000 ಅಥವಾ ರಿಪೇರಿ ಖರ್ಚಿನ ಶೇ. 10, ಯಾವುದು ಜಾಸ್ತಿಯೋ ಅದು.

ಡಿಸ್‌ಪ್ಲೇಗೆ ₹7,200 ಎಸ್ಟಿಮೇಟ್ ಬಂತು ಅನ್ನಿ. ನೀವು ₹750 ಕೊಡುತ್ತೀರಿ, ಉಳಿದ ₹6,450 ನಮ್ಮದು. ನೀರು ಹೋಗಿ ಬೋರ್ಡಿಗೆ ₹12,400 ಬಂದರೆ ನಿಮ್ಮ ಪಾಲು ₹1,240. ಇವೆರಡರಲ್ಲೂ ಪ್ಲ್ಯಾನ್ ಮಾಡಿಸಿದ್ದು ಸಾರ್ಥಕ.

ಇನ್ನೊಂದು ಲೆಕ್ಕ ನೋಡಿ. ಹಿಂದಿನ ಗ್ಲಾಸಿಗೆ ₹1,600. ನಿಮ್ಮ ಪಾಲು ₹1,000, ನಮ್ಮಿಂದ ಸಿಗುವುದು ₹600. ಆ ₹600ಕ್ಕೆ ವರ್ಷದ ಒಂದೇ ಕ್ಲೇಮ್ ಖರ್ಚಾಗುತ್ತದೆ. ವ್ಯಾಪಾರಿಯಾಗಿ ಹೇಳಬಾರದು, ಆದರೂ ಹೇಳುತ್ತೇವೆ: ವರ್ಷದ ಶುರುವಿನಲ್ಲಿ ಇಂಥದಕ್ಕೆ ಕ್ಲೇಮ್ ಹಾಕಬೇಡಿ. ಕೈಯಿಂದ ಕೊಟ್ಟು ನಮ್ಮಲ್ಲೇ ಮಾಡಿಸಿಕೊಳ್ಳಿ, ಕ್ಲೇಮ್ ಉಳಿಯುತ್ತದೆ. ಫೆಬ್ರವರಿ ಕೊನೆಗೆ ಒಡೆದರೆ ಮಾತ್ರ ಹಾಕಿ, ಹೇಗೂ ಮಾರ್ಚಿಗೆ ಅದು ಸಾಯುವ ಕ್ಲೇಮ್.

ಪಾಲು ಯಾಕೆ ಅಂತ ಕೇಳುವವರಿದ್ದಾರೆ. ಮೊದಲು ನಾವು ಪಾಲಿಲ್ಲದೆ ಪ್ಲ್ಯಾನ್ ಕೊಡುತ್ತಿದ್ದೆವು. ಪ್ಲ್ಯಾನ್ ಮುಗಿಯಲು ವಾರ ಇದೆ ಅನ್ನುವಾಗ ಫೋನುಗಳು ತಾವಾಗಿ ಮೆಟ್ಟಿಲ ಮೇಲಿಂದ ಬೀಳುತ್ತಿದ್ದವು. ಆಗ ಪ್ಲ್ಯಾನಿನ ರೇಟು ಏರಿಸುವುದೋ, ಪಾಲು ಇಡುವುದೋ ಅನ್ನುವ ಪ್ರಶ್ನೆ ಬಂತು. ಜೋಪಾನವಾಗಿ ಇಟ್ಟುಕೊಳ್ಳುವವರಿಗೆ ರೇಟು ಏರಬಾರದು ಅಂತ ಪಾಲು ಇಟ್ಟೆವು.

ರಿಪೇರಿ ಖರ್ಚು ನಮ್ಮ ಮಿತಿ ದಾಟಿದರೆ? ಎರಡನೇ ವರ್ಷ ₹17,000 ಬಂತು ಅನ್ನಿ. ಆಗ ಪಾಲಿನ ಲೆಕ್ಕ ಪೂರ್ತಿ ಖರ್ಚಿನ ಮೇಲಲ್ಲ, ಮಿತಿಯ ಮೇಲೆ: ಮಿತಿ ₹15,400, ಅದರ ಶೇ. 10 ಅಂದರೆ ₹1,540 ನಿಮ್ಮ ಪಾಲು, ನಮ್ಮಿಂದ ಸಿಗುವುದು ₹13,860. ನೀವು ₹3,140 ಹಾಕಿ ಅದೇ ಫೋನ್ ರಿಪೇರಿ ಮಾಡಿಸಬಹುದು. ಬೇಡ ಅಂದರೆ ಹಳೆಯ ಫೋನ್ ನಮಗೆ ಬಿಟ್ಟು, ₹13,860ನ್ನು ನಮ್ಮಲ್ಲಿ ಕೊಳ್ಳುವ ಬೇರೆ ಫೋನಿನ ಬೆಲೆಯಲ್ಲಿ ಮುರಿದುಕೊಳ್ಳಬಹುದು. ನಗದು ಕೊಡುವುದಿಲ್ಲ. ಹೀಗೆ ಮುರಿದುಕೊಂಡರೆ ಪ್ಲ್ಯಾನ್ ಅಲ್ಲಿಗೆ ಮುಗಿಯಿತು.

ಕ್ಲೇಮ್ ಹಾಕುವುದು

ಹಾನಿಯಾದ 3 ದಿನದೊಳಗೆ ಬಿಲ್ಲಿನ ಮೇಲಿರುವ ನಂಬರಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ, ಯಾವಾಗ, ಹೇಗೆ ಆಯಿತು ಅಂತ ಎರಡು ಸಾಲು ಬರೆಯಿರಿ. ಫೋನ್ ತರಲು 7 ದಿನ ಸಮಯವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬರುವವರು ಮೊದಲು ಫೋನ್ ಮಾಡಿ ಬನ್ನಿ, ಟೆಕ್ನಿಷಿಯನ್ ಇಲ್ಲದ ದಿನ ಬಂದು ತಿರುಗಿ ಹೋಗುವ ಹಾಗೆ ಆಗಬಾರದು. ಬಿಲ್ ಮತ್ತು ಈ ಕಾಗದ ಬೇಕು. ಫೋನಿನಲ್ಲಿ `*#06#` ಒತ್ತಿದರೆ ಬರುವ ನಂಬರು ಬಿಲ್ಲಿಗೆ ಹೊಂದಬೇಕು. ಫೋನ್ ಆನ್ ಆಗದಿದ್ದರೆ ಡಬ್ಬಿ ತನ್ನಿ.

ಎಸ್ಟಿಮೇಟ್ ತೋರಿಸಿ, ನೀವು ಹೂಂ ಅಂದ ಮೇಲೆಯೇ ಪಾಲು ತೆಗೆದುಕೊಳ್ಳುತ್ತೇವೆ. ತಪಾಸಣೆಗೆ ದುಡ್ಡಿಲ್ಲ. ಪಾರ್ಟು ಕಂಪನಿಯದೇ ಹಾಕುತ್ತೇವೆ, ಸಿಗದಿದ್ದರೆ ಮೊದಲೇ ಹೇಳಿ ಕೇಳುತ್ತೇವೆ. 10 ಕೆಲಸದ ದಿನದೊಳಗೆ ಫೋನ್ ನಿಮ್ಮ ಕೈಗೆ. ರಿಪೇರಿಗೆ 90 ದಿನದ ಗ್ಯಾರಂಟಿ ಇದೆ, ಅದೇ ತೊಂದರೆ ಮರಳಿ ಬಂದರೆ ಹೊಸ ಕ್ಲೇಮ್ ಅಂತ ಎಣಿಸುವುದಿಲ್ಲ.

ಉಳಿದ ಮಾತು

15 ದಿನದೊಳಗೆ ಪ್ಲ್ಯಾನ್ ಬೇಡ ಅನಿಸಿದರೆ, ಕ್ಲೇಮ್ ಹಾಕಿರದಿದ್ದರೆ, ₹1,998 ಪೂರ್ತಿ ವಾಪಸ್. ಆಮೇಲೆ ಇಲ್ಲ. ಕಂಪನಿಯವರು ಫೋನನ್ನೇ ಬದಲಿಸಿ ಕೊಟ್ಟರೆ ಹೊಸ ಐಎಂಇಐ ನಂಬರನ್ನು 15 ದಿನದೊಳಗೆ ಬರೆಸಿ, ಪ್ಲ್ಯಾನ್ ಅದಕ್ಕೆ ಹೋಗುತ್ತದೆ. ಫೋನ್ ಮಾರಿದರೆ ಕೊಂಡವರನ್ನು ಕರೆದುಕೊಂಡು ಬನ್ನಿ, ಹೆಸರು ಬದಲಿಸಿ ಕೊಡುತ್ತೇವೆ.

ಕ್ಲೇಮ್ ಆಗುವುದಿಲ್ಲ ಅಂದರೆ ಯಾಕೆ ಅನ್ನುವುದನ್ನು 7 ದಿನದೊಳಗೆ ಬರೆದು, ಸಹಿ ಹಾಕಿ ಕೊಡುತ್ತೇವೆ. ಬಾಯಿ ಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ. ನಮ್ಮ ಉತ್ತರ ಸರಿ ಅನಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಥವಾ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.

ಈ ಕಾಗದಕ್ಕೆ ಅಂಗಡಿಯ ಸಿಕ್ಕಾ ಹಾಕಿ ಬಿಲ್ಲಿನ ಜೊತೆ ಪಿನ್ ಮಾಡಿದ್ದೇವೆ. ಬಿಲ್ಲಿನ ಅಕ್ಷರ ಆರು ತಿಂಗಳಿಗೆ ಮಾಸುತ್ತದೆ, ಇವತ್ತೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಇದೇ ಫೋನಿನಲ್ಲಿ ಅಲ್ಲ, ಮನೆಯವರ ಫೋನಿನಲ್ಲಿ.