ಸಂಖ್ಯಾ ವಿನ್ಯಾಸ: ನಿಯಮ ಹುಡುಕಿ
5ನೇ ತರಗತಿ, ಕನ್ನಡ ಮಾಧ್ಯಮ, ಕಾಸರಗೋಡು

ನಿಯಮವನ್ನು ಒಂದು ವಾಕ್ಯದಲ್ಲಿ ಬರೆದು, ಮುಂದಿನ ಎರಡು ಸಂಖ್ಯೆ ಕೊಡಿ.

ಮಾದರಿ: 4, 7, 10, 13. ನಿಯಮ: ಪ್ರತಿ ಸಲ 3 ಕೂಡುವುದು. ಮುಂದಿನವು 16, 19.

1) 100, 93, 86, 79

2) 3, 6, 12, 24 (ಮೋಸಹೋಗಬೇಡಿ, ಇಲ್ಲಿ 3 ಕೂಡುವುದಲ್ಲ!)

3) ಅಜ್ಜ ಅಂಗಳದಲ್ಲಿ ಅಡಿಕೆಯನ್ನು ತ್ರಿಕೋನವಾಗಿ ಜೋಡಿಸಿದರು. ಮೊದಲ ಸಾಲಿಗೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 3, ಹೀಗೆ. ಪ್ರತಿ ಸಾಲು ಮುಗಿದಾಗ ಒಟ್ಟು ಅಡಿಕೆ: 1, 3, 6, 10. ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸವನ್ನು ಕೆಳಗೆ ಬರೆದುಕೊಳ್ಳಿ, ಗುಟ್ಟು ಅಲ್ಲಿದೆ. 10ನೇ ಸಾಲು ಮುಗಿದಾಗ ಎಷ್ಟು?

4) 1, 1, 2, 3, 5, 8

5) 2, 4 ಆದಮೇಲೆ 6 ಎಂದಳು ರಮ್ಯ, 8 ಎಂದ ಅಶ್ರಫ್. ಇಬ್ಬರದೂ ಸರಿ! ಅದು ಹೇಗೆ?

ಉತ್ತರ: 1) 72, 65. 2) 48, 96. 3) 15, 21, 10ನೇ ಸಾಲು ಮುಗಿದಾಗ 55. 4) 13, 21. 5ನೆಯದನ್ನು ತರಗತಿಯಲ್ಲೇ ಚರ್ಚಿಸೋಣ.