ಸಹ-ಸಂಸ್ಥಾಪಕರಿಗೆ ಕೀ ಪರ್ಸನ್ ವಿಮೆ: ಕೊಟೇಶನ್ ಕೋರಿಕೆ

ಮಾನ್ಯರೇ,

ನಮ್ಮ ಸಾಫ್ಟ್‌ವೇರ್ ಕಂಪನಿಯ ಇಬ್ಬರು ಸಹ-ಸಂಸ್ಥಾಪಕರ ಮೇಲೆ ಕೀ ಪರ್ಸನ್ ಟರ್ಮ್ ವಿಮೆ ಮಾಡಿಸಬೇಕಿದೆ. ಪಾಲಿಸಿಯ ಮಾಲೀಕತ್ವ, ಪ್ರೀಮಿಯಂ ಪಾವತಿ, ಕ್ಲೇಮ್ ಹಣ ಮೂರೂ ಕಂಪನಿಯದೇ. ಕುಟುಂಬದವರ ನಾಮಿನೇಶನ್ ಬೇಡ.

ತಂತ್ರಜ್ಞಾನ ಮುಖ್ಯಸ್ಥರಿಗೆ 34 ವರ್ಷ, ಧೂಮಪಾನವಿಲ್ಲ. ಮೊತ್ತ 3 ಕೋಟಿ. ಮಾರಾಟ ಮುಖ್ಯಸ್ಥರಿಗೆ 41. ಮೊತ್ತ 2 ಕೋಟಿ. ಇವರಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಈಗಲೇ ಹೇಳುತ್ತಿದ್ದೇವೆ: ಮುಚ್ಚಿಟ್ಟರೆ ಕ್ಲೇಮ್ ವೇಳೆ ಅದೇ ತಕರಾರಾಗುತ್ತದೆ. ಹೆಚ್ಚುವರಿ ಪ್ರೀಮಿಯಂ ಎಷ್ಟೆಂದು ಬೇರೆಯಾಗಿ ತೋರಿಸಿ.

ಕಂಪನಿ ಇನ್ನೂ ನಷ್ಟದಲ್ಲಿದೆ. ಆದ್ದರಿಂದ ಲಾಭದ ಗುಣಕದಿಂದ ಮೊತ್ತ ಲೆಕ್ಕ ಹಾಕಿದರೆ ಸೊನ್ನೆ ಬರುತ್ತದೆ. ಬಾಕಿ ಸಾಲ, ಬದಲಿ ವ್ಯಕ್ತಿಯ ನೇಮಕಾತಿ ವೆಚ್ಚ ಮತ್ತು 12 ತಿಂಗಳ ಆದಾಯ ಕುಸಿತವನ್ನು ಆಧಾರವಾಗಿ ಒಪ್ಪುತ್ತೀರಾ? ಒಪ್ಪದಿದ್ದರೆ ಗರಿಷ್ಠ ಮಿತಿ ತಿಳಿಸಿ.

5 ಮತ್ತು 10 ವರ್ಷಗಳ ಅವಧಿಗೆ, ತೆರಿಗೆ ಬಿಟ್ಟು ಹಾಗೂ ಸೇರಿಸಿ, ವಾರ್ಷಿಕ ಪ್ರೀಮಿಯಂ ಕೊಡಿ. ಗಂಭೀರ ಕಾಯಿಲೆ, ಶಾಶ್ವತ ಅಂಗವೈಕಲ್ಯದ ರೈಡರ್ ದರ ಪ್ರತ್ಯೇಕವಿರಲಿ. ಸಂಸ್ಥಾಪಕರು ಕಂಪನಿ ಬಿಟ್ಟರೆ ಪಾಲಿಸಿಯನ್ನು ಅವರ ಹೆಸರಿಗೆ ವರ್ಗಾಯಿಸಬಹುದೇ, ರದ್ದೇ ಮಾಡಬೇಕೇ ಎಂಬುದು ಲಿಖಿತವಾಗಿ ಬೇಕು.

ಆಡಿಟ್ ಆದ ಎರಡು ವರ್ಷದ ಲೆಕ್ಕಪತ್ರ, ಬೋರ್ಡ್ ನಿರ್ಣಯ, ಇಬ್ಬರ ಒಪ್ಪಿಗೆ ಪತ್ರ ಲಗತ್ತಿಸಿದೆ. ವೈದ್ಯಕೀಯ ಪರೀಕ್ಷೆಗಳ ಪಟ್ಟಿ ಮೊದಲೇ ಕಳಿಸಿ. ಹತ್ತು ದಿನದೊಳಗೆ ಉತ್ತರ ಬಂದರೆ ಮುಂದಿನ ಬೋರ್ಡ್ ಸಭೆಗೆ ಇಡಬಹುದು.

ಇಂತಿ,
ಸಂಸ್ಥಾಪಕ ಹಾಗೂ ಮುಖ್ಯ ಕಾರ್ಯನಿರ್ವಾಹಕ